ಕ್ಲಾಸ್ ಶುರುವಾಗುವ ಮುಂಚೆ ಸೀಟು ಬಿಟ್ಟಾಗ ಫೀ ವಾಪಸ್ ಕೇಳಿ ಬರೆದ ಪತ್ರ

2019ರಲ್ಲಿ ನನ್ನ ತಂಗಿ ಪುಣೆಯ ಒಂದು ಕಾಲೇಜಿನಲ್ಲಿ ಬಿ.ಎಸ್‌ಸಿ.ಗೆ ಸೇರಿದ್ದಳು, ಆಮೇಲೆ ಧಾರವಾಡದಲ್ಲಿ ಸೀಟು ಸಿಕ್ಕಿತು. ಪುಣೆಯಲ್ಲಿ ಇನ್ನೂ ಪಾಠವೇ ಶುರುವಾಗಿರಲಿಲ್ಲ. ಕಟ್ಟಿದ್ದು 42,000 ರೂಪಾಯಿ, ಅದರಲ್ಲಿ 2,000 ಡಿಪಾಸಿಟ್. ಆಫೀಸಿನಲ್ಲಿ ಕೇಳಿದರೆ ಡಿಪಾಸಿಟ್ ಮಾತ್ರ ಬರುತ್ತೆ, ಫೀ ವಾಪಸ್ ಇಲ್ಲ ಅಂತ ರಸೀದಿಯಲ್ಲೇ ಇದೆ ನೋಡಿ ಅಂದರು. ಇತ್ತು ನಿಜ. ಆದರೆ ರಸೀದಿಯಲ್ಲಿ ಅಚ್ಚು ಹಾಕಿದ ಮಾತ್ರಕ್ಕೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮ ಇಲ್ಲದಂತೆ ಆಗಲ್ಲ ಅಲ್ವಾ?

2018ರ ಯುಜಿಸಿ ಅಧಿಸೂಚನೆ ಪ್ರಕಾರ ಲೆಕ್ಕ ನಿಲ್ಲುವುದು ಕ್ಲಾಸ್ ಶುರುವಾಗುವ ದಿನದ ಮೇಲಲ್ಲ, ಅಡ್ಮಿಷನ್‌ನ ಕೊನೇ ದಿನಾಂಕದ ಮೇಲೆ. ಅದಕ್ಕೆ 15 ದಿನ ಅಥವಾ ಜಾಸ್ತಿ ಇರುವಾಗಲೇ ಬರೆದು ಕೊಟ್ಟರೆ ಪೂರ್ತಿ ಫೀ, ಪ್ರೊಸೆಸಿಂಗ್ ಖರ್ಚು ಮಾತ್ರ ಕಡಿತ. 15 ದಿನಕ್ಕಿಂತ ಕಡಿಮೆ ಇದ್ದರೆ ಶೇ. 90. ಕೊನೇ ದಿನ ದಾಟಿದ ಮೇಲೆ 15 ದಿನದವರೆಗೆ ಶೇ. 80, 30ರವರೆಗೆ ಶೇ. 50, ಆಮೇಲೆ ಸೊನ್ನೆ. ಡಿಪಾಸಿಟ್ ಈ ಲೆಕ್ಕದಲ್ಲಿ ಬರಲ್ಲ, ಅದು ಪೂರ್ತಿ ವಾಪಸ್.

ನಮ್ಮ ಕಾಲೇಜಿನ ಕೊನೇ ದಿನಾಂಕ ಜುಲೈ 31. ನೋಟಿಸ್ ಬೋರ್ಡಿನ ಫೋಟೋ ತೆಗೆದು ಇಟ್ಟುಕೊಂಡೆ. ಪತ್ರ ಜುಲೈ 19ರಂದು ಕೊಟ್ಟೆವು, ಅಂದರೆ ಶೇ. 90ರ ಲೆಕ್ಕ. ಪ್ರಿನ್ಸಿಪಾಲರಿಗೆ ಇಂಗ್ಲಿಷಿನಲ್ಲಿ, ಒಂದೇ ಪುಟ. ನನ್ನ ಹೆಸರಲ್ಲಿ ಅಲ್ಲ, ತಂಗಿಯ ಹೆಸರು ಮತ್ತು ಸಹಿಯಲ್ಲಿ, ಯಾಕಂದ್ರೆ ಸೀಟು ಅವಳದ್ದು. ಸಾರಾಂಶ ಇಷ್ಟು:

"ನಾನು ಇಂದಿನಿಂದ ನನ್ನ ಅಡ್ಮಿಷನ್ ರದ್ದು ಮಾಡಿಕೊಳ್ಳುತ್ತಿದ್ದೇನೆ. ಅಡ್ಮಿಷನ್‌ನ ಕೊನೇ ದಿನ ಜುಲೈ 31. ಯುಜಿಸಿಯ 2018ರ ಅಧಿಸೂಚನೆಯಂತೆ 40,000ದ ಶೇ. 90, ಅಂದರೆ 36,000, ಜೊತೆಗೆ ಡಿಪಾಸಿಟ್ 2,000, ಒಟ್ಟು 38,000 ರೂಪಾಯಿಯನ್ನು 15 ದಿನದೊಳಗೆ ಕೆಳಗಿನ ಖಾತೆಗೆ ಹಾಕಿ. ನನ್ನ ಮೂಲ ಮಾರ್ಕ್ಸ್ ಕಾರ್ಡ್, ಟಿಸಿ ವಾಪಸ್ ಕೊಡಿ."

ಯಾಕೆ ಬಿಡುತ್ತಿದ್ದೇನೆ ಅಂತ ಕಥೆ ಬರೆಯಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಕಾರಣ ಬರೆದರೆ ಸುಮ್ನೆ ಅದರ ಮೇಲೇ ವಾದ ಶುರುವಾಗುತ್ತೆ. ರಸೀದಿ, ನೋಟಿಸಿನ ಫೋಟೋ, ರದ್ದಾದ ಚೆಕ್ ಜೋಡಿಸಿದೆವು. ಚೆಕ್ ಅಪ್ಪನದು, ದುಡ್ಡು ಹೋಗಿದ್ದು ಅವರ ಖಾತೆಯಿಂದಲೇ.

ಎಲ್ಲಕ್ಕಿಂತ ಮುಖ್ಯ, ಪತ್ರ ತಲುಪಿದೆ ಅಂತ ಆಫೀಸಿನವರು ಹಾಕುವ ಇನ್ವರ್ಡ್ ಸೀಲು. ನಮ್ಮ ಪ್ರತಿಯ ಮೇಲೆ ದಿನಾಂಕ ಮತ್ತು ನಂಬರ್ ಹಾಕಿಸಿಕೊಳ್ಳದೆ ಕಿಟಕಿ ಬಿಡಬೇಡಿ. "ಇಟ್ಟು ಹೋಗಿ, ಸಾಹೇಬರಿಗೆ ಕೊಡ್ತೀವಿ" ಅಂದರೆ ಅದೇ ದಿನ ಇಮೇಲ್ ಮಾಡಿ, ಸ್ಪೀಡ್ ಪೋಸ್ಟ್ ಹಾಕಿ. ಪತ್ರ ನಿಮ್ಮ ಬ್ಯಾಗಿನಲ್ಲಿದ್ದ ದಿನಕ್ಕೆ ಬೆಲೆ ಇಲ್ಲ, ಅವರಿಗೆ ತಲುಪಿದ್ದೇ ಲೆಕ್ಕ.

ಗಡುವು ಮುಗಿದರೂ ದುಡ್ಡು ಬರಲಿಲ್ಲ. ಅದೇ ಇನ್ವರ್ಡ್ ನಂಬರ್ ಹಾಕಿ ಎರಡು ಸಾಲಿನ ಇಮೇಲ್ ಬರೆದೆವು, ಇನ್ನು ಯುಜಿಸಿಗೆ ದೂರು ಕೊಡುತ್ತೇವೆ ಅಂತ. ಆಮೇಲೆ 38,000 ಬಂತು.

ಈಗ ಬರೆಯುವವರು ಮೊದಲು ಆಯಾ ವರ್ಷದ ಯುಜಿಸಿ ಸುತ್ತೋಲೆ ನೋಡಿ. 2024-25ಕ್ಕೆ ಸೆಪ್ಟೆಂಬರ್ 30ರವರೆಗೆ ಬಿಟ್ಟವರಿಗೆ ಪೂರ್ತಿ ಫೀ ವಾಪಸ್ ಅಂತ ಬೇರೆ ನಿಯಮವೇ ಇತ್ತು. ಹಾಗಿದ್ದರೆ ಶೇ. 90 ಅಂತ ನೀವೇ ಬರೆದು ಕಡಿಮೆ ಕೇಳಬೇಡಿ.