ಕುರ್ಚಿ, ಕೊಪ್ಪರಿಗೆ, ಮೂರನೇ ನಾರ್ಮಲ್ ಫಾರ್ಮ್: ನನ್ನ ಅನುಭವ

ಹನುಮಂತನಗರದ ನಮ್ಮ ಮನೆ ಮೇಲಿನ ರೂಮಿನಲ್ಲಿ ಬಿಸಿಎ ಹುಡುಗರಿಗೆ ಡಿಬಿಎಂಎಸ್ ಟ್ಯೂಷನ್ ಮಾಡುತ್ತಾ 11 ವರ್ಷ ಆಯಿತು. ಅದರಲ್ಲಿ ಮೊದಲ ಏಳೆಂಟು ವರ್ಷ ನಾರ್ಮಲೈಸೇಷನ್ ಬಂತೆಂದರೆ ನನಗೇ ಹೊಟ್ಟೆಯಲ್ಲಿ ಸಂಕಟ. ಬೋರ್ಡಿನ ಮೇಲೆ ಪಾರ್ಷಿಯಲ್ ಡಿಪೆಂಡೆನ್ಸಿಯ ವ್ಯಾಖ್ಯೆ ಬರೆಯುವುದು, ಎ ಬಿ ಸಿ ಡಿ ಅಂತ ಬಾಣ ಎಳೆಯುವುದು, ಹುಡುಗರು ಅದನ್ನು ಹಾಗೇ ಕಾಪಿ ಮಾಡಿಕೊಳ್ಳುವುದು. ಪರೀಕ್ಷೆಯಲ್ಲಿ ಹೆಸರು ಬದಲಾದ ಕಾಲಂ ಕೊಟ್ಟರೆ ಮುಗಿಯಿತು. ಒಂದು ವರ್ಷ 22 ಜನರ ಬ್ಯಾಚಿನಲ್ಲಿ ಆರು ಜನ ಈ ಪಾಠದ ವಾರದಲ್ಲೇ ಬಿಟ್ಟುಹೋದರು. ತಲೆಗೆ 1500 ರೂಪಾಯಿ ಫೀಸು, ಲೆಕ್ಕ ನೀವೇ ಹಾಕಿ.

ಆಗ ಹಿಡಿದ ದಾರಿ ಇದು: ವ್ಯಾಖ್ಯೆ ಹೇಳಲೇಬಾರದು. ಒಂದು ಹಾಳೆ ಕೊಟ್ಟು ಎರಡೇ ಕೆಲಸ ಮಾಡಿಸಬೇಕು, ಒಂದು ತಿದ್ದುವುದು, ಇನ್ನೊಂದು ಅಳಿಸುವುದು. ಟೇಬಲ್ ಒಡೆದ ಮೇಲೂ ಅವೇ ಎರಡು ಕೆಲಸ ಮತ್ತೆ. ಕಾಲೇಜಿನಲ್ಲಿ ಪಾಠ ಮಾಡುವ ಗೆಳೆಯರೊಬ್ಬರು, "ಸಾರ್, ಇದೇನ್ ಪ್ರೈಮರಿ ಸ್ಕೂಲಾ? ಮೊದಲು ಸಿಲೆಬಸ್ ಮುಗಿಸಿ" ಅಂದಿದ್ದರು. ಈ ಪದ್ಧತಿಗೆ ಅಂಥ ಹೊಸತನವೇನೂ ಇಲ್ಲ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ರಿಲೇಷನಲ್ ಮಾಡೆಲ್ ಕೊಟ್ಟು, ಮರುವರ್ಷ ಎರಡನೇ ಮತ್ತು ಮೂರನೇ ನಾರ್ಮಲ್ ಫಾರ್ಮ್ ಮುಂದಿಟ್ಟಾಗ ಹೇಳಿದ ಉದ್ದೇಶಗಳಲ್ಲಿ ಒಂದು ಇದೇ ಆಗಿತ್ತು: ಸೇರಿಸುವಾಗ, ತಿದ್ದುವಾಗ, ಅಳಿಸುವಾಗ ಬರುವ ಬೇಡದ ತೊಡಕುಗಳನ್ನು ತೆಗೆಯುವುದು. ನಾವು ತೊಡಕನ್ನು ಕೊನೇ ಪ್ಯಾರಾಕ್ಕೆ ತಳ್ಳಿ ಔಷಧಿಯಿಂದ ಪಾಠ ಶುರುಮಾಡುತ್ತೇವೆ.

ಹಾಳೆ ಸಿಕ್ಕಿದ್ದು ಶ್ರೀನಗರದ ಒಂದು ಶಾಮಿಯಾನ ಅಂಗಡಿಯಲ್ಲಿ. ನಮ್ಮ ಮನೆ ಗೃಹಪ್ರವೇಶಕ್ಕೆ ಕುರ್ಚಿ ತಂದಿದ್ದು ಅಲ್ಲಿಂದಲೇ. ಅಂಗಡಿಯವರ ಬುಕಿಂಗ್ ಪುಸ್ತಕ ನೋಡಿದ ಕೂಡಲೇ ನನಗೆ ಆಸೆಯಾಯಿತು, ಅಷ್ಟು ಚೆನ್ನಾಗಿ ಕೆಟ್ಟಿತ್ತು. ಹೆಸರು, ಅಂಕಿ ಬದಲಾಯಿಸಿ 24 ಸಾಲಿನ ಹಾಳೆ ಮಾಡಿಕೊಂಡೆ. ಒಂದೇ ಚೌಕದಲ್ಲಿ "ಕುರ್ಚಿ 200, ಜಮಖಾನ 40" ಅಂತ ಗಿಡಿದಿದ್ದನ್ನು ಬೇರೆ ಬೇರೆ ಸಾಲು ಮಾಡಿದೆ. ಅಲ್ಲಿಗೆ ಮೊದಲನೇ ನಾರ್ಮಲ್ ಫಾರ್ಮ್ ಆಯಿತು, ಅದರ ಮೇಲೆ ಐದು ನಿಮಿಷಕ್ಕಿಂತ ಹೆಚ್ಚು ಖರ್ಚು ಮಾಡಬೇಡಿ. ತಾರೀಖು, ಗಿರಾಕಿಯ ಫೋನ್ ಕಾಲಂ ಬಿಟ್ಟು ಐದು ಸಾಲು ಹೀಗಿವೆ:

| ಆರ್ಡರ್ | ಗಿರಾಕಿ | ಐಟಂ | ಎಷ್ಟು | ದರ | ಗೋದಾಮು | ಗೋದಾಮು ಫೋನ್ |
|---|---|---|---|---|---|---|
| 101 | ರಮೇಶ | ಕುರ್ಚಿ | 200 | 8 | ಶ್ರೀನಗರ | 4471 |
| 101 | ರಮೇಶ | ಜಮಖಾನ | 40 | 30 | ಶ್ರೀನಗರ | 4471 |
| 102 | ಲಲಿತಮ್ಮ | ಕುರ್ಚಿ | 80 | 8 | ಶ್ರೀನಗರ | 4471 |
| 103 | ಗೌಡ್ರು | ಕುರ್ಚಿ | 150 | 8 | ಶ್ರೀನಗರ | 4471 |
| 103 | ಗೌಡ್ರು | ಕೊಪ್ಪರಿಗೆ | 1 | 350 | ಕತ್ರಿಗುಪ್ಪೆ | 2093 |

ಜಮಖಾನದ ಜಾಗದಲ್ಲಿ ಮೊದಲು ಊಟದ ಟೇಬಲ್ ಇತ್ತು. "ಟೇಬಲ್ಲಿನಲ್ಲಿ ಟೇಬಲ್ ಎಷ್ಟು ಸಲ ಇದೆ" ಅಂತ ಕೇಳಿ ಒಂದು ಇಡೀ ಕ್ಲಾಸು ನಗೆಪಾಟಲಾದ ಮೇಲೆ ತೆಗೆದೆ.

ಕೀ ಯಾವುದು ಅಂತ ಮಾತ್ರ ಮೊದಲೇ ಒಪ್ಪಿಸಿಕೊಳ್ಳಬೇಕು. ಒಂದು ಆರ್ಡರಿನಲ್ಲಿ ಒಂದು ಐಟಂ ಒಂದೇ ಸಾಲಿನಲ್ಲಿ ಬರುತ್ತದೆ, ಆದ್ದರಿಂದ ಆರ್ಡರ್ ನಂಬರ್ ಮತ್ತು ಐಟಂ ಎರಡೂ ಸೇರಿ ಕೀ. ಆಮೇಲೆ ಇಬ್ಬಿಬ್ಬರಿಗೆ ಒಂದು ಹಾಳೆ, ಒಂದು ಪೆನ್ಸಿಲ್, ನಾಲ್ಕು ನಿಮಿಷ. "ಶ್ರೀನಗರ ಗೋದಾಮಿನ ವಾಚ್‌ಮನ್ ಬದಲಾದ. ಫೋನ್ 4471 ಹೋಗಿ 5580 ಆಗಬೇಕು."

24 ಸಾಲಿನಲ್ಲಿ ಶ್ರೀನಗರ ಹದಿನೈದು ಸಲವೋ ಏನೋ ಬರುತ್ತದೆ. ಮೊದಲ ಸಲ 14 ಜೋಡಿಯಲ್ಲಿ ಪೂರ್ತಿ ಸರಿ ತಿದ್ದಿದವರು ಐದು ಜೋಡಿ ಇರಬೇಕು. ಉಳಿದವರು ಒಂದೋ ಎರಡೋ ಸಾಲು ಬಿಟ್ಟಿದ್ದರು. ತಪ್ಪು ತೋರಿಸಬೇಡಿ. ಹಾಳೆಗಳನ್ನು ಅದಲು ಬದಲು ಮಾಡಿಸಿ, "101ನೇ ಆರ್ಡರಿನವರು ಯಾವ ನಂಬರಿಗೆ ಫೋನ್ ಮಾಡಬೇಕು? 103ನೇ ಆರ್ಡರಿನವರು?" ಅಂತ ಕೇಳಿ. ಒಂದೇ ಗೋದಾಮಿಗೆ ಎರಡು ನಂಬರ್ ಬಂದಾಗ ಹುಡುಗಿಯೊಬ್ಬಳು, "ಸಾರ್, ಇದರಲ್ಲಿ ಸರಿ ಯಾವುದು ಅಂತ ಈ ಹಾಳೆ ನೋಡಿದರೆ ಗೊತ್ತೇ ಆಗಲ್ಲ" ಅಂದಳು. ಅಪ್ಡೇಟ್ ಅನಾಮಲಿ ಅನ್ನುವ ಹೆಸರನ್ನು ನಾನು ಬೋರ್ಡಿನ ಮೇಲೆ ಬರೆದದ್ದು ಆ ಮಾತು ಬಂದ ಮೇಲೆ.

ಇದನ್ನೇ ಎಕ್ಸೆಲ್‌ನಲ್ಲಿ ಮಾಡಿಸಲು ಹೋಗಿ ಒಂದು ಬ್ಯಾಚು ಕೆಡಿಸಿದ್ದೇನೆ. ಕಂಟ್ರೋಲ್ ಎಚ್ ಒತ್ತಿ ಎರಡು ಸೆಕೆಂಡಿನಲ್ಲಿ ಎಲ್ಲಾ ಫೋನ್ ಬದಲಾಯಿಸಿ, "ಎಲ್ಲಿ ಸಾರ್ ಅನಾಮಲಿ?" ಅಂದರು. ನನಗೆ ಮುಖಭಂಗ. ಮರುದಿನ ಸೇಡು ತೀರಿಸಿಕೊಂಡೆ: "ಕುರ್ಚಿ ದರ 8 ಇದ್ದದ್ದು 10 ಆಗಲಿ." ಅದೇ ಕಂಟ್ರೋಲ್ ಎಚ್. ಲಲಿತಮ್ಮನ 80 ಕುರ್ಚಿ 100 ಆಯಿತು, 18 ಇದ್ದಲ್ಲೆಲ್ಲ 110 ಆಯಿತು. ಕ್ಲಾಸು ತಣ್ಣಗಾಯಿತು. ಆದರೂ ಹೇಳುತ್ತೇನೆ, ಮೊದಲ ದಿನ ಪೆನ್ಸಿಲ್ ಸಾಕು. ಜೆರಾಕ್ಸು, ಪೆನ್ಸಿಲ್ಲು, ರಬ್ಬರು ಎಲ್ಲಾ ಸೇರಿ ನನಗೆ ಒಂದು ಬ್ಯಾಚಿಗೆ 300 ರೂಪಾಯಿ ದಾಟಿಲ್ಲ.

ಎರಡನೇ ಏಟು: "ಗೌಡ್ರ ಮನೆ ಮದುವೆ ಮುಂದಕ್ಕೆ ಹೋಯಿತು, 103 ಕ್ಯಾನ್ಸಲ್." ಎರಡು ಸಾಲು ಅಳಿಸುತ್ತಾರೆ. ಕುರ್ಚಿ ದರ ಎಷ್ಟು ಅಂತ ಕೇಳಿದರೆ 8 ಅನ್ನುತ್ತಾರೆ, ಬೇರೆ ಆರ್ಡರಿನಲ್ಲಿ ಉಳಿದಿದೆ. ಕೊಪ್ಪರಿಗೆ ದರ? ಕತ್ರಿಗುಪ್ಪೆ ಗೋದಾಮಿನ ಫೋನ್? ರಬ್ಬರಿನ ಪುಡಿ ಬಿಟ್ಟರೆ ಏನೂ ಇಲ್ಲ. ಇಡೀ ಹಾಳೆಯಲ್ಲಿ ಕೊಪ್ಪರಿಗೆಯೂ ಕತ್ರಿಗುಪ್ಪೆಯೂ ಒಂದೇ ಸಲ ಬರುವಂತೆ ಮಾಡಿದ್ದು ಇದಕ್ಕೇ. ಅಳಿಸಿದ್ದು ಒಂದು ಬುಕಿಂಗ್, ಜೊತೆಗೆ ಅಂಗಡಿಯಲ್ಲಿ ಕೊಪ್ಪರಿಗೆ ಇದೆ ಅನ್ನುವ ಸುದ್ದಿಯೂ ಹೋಯಿತು. ಹೊಸ ಐಟಂ ತಂದರೆ ಆರ್ಡರ್ ಬರುವ ತನಕ ಬರೆಯಲು ಜಾಗವಿಲ್ಲ ಎಂಬುದು ಇದೇ ರೋಗದ ಇನ್ನೊಂದು ಮುಖ, ಹುಡುಗರೇ ಹೇಳುತ್ತಾರೆ.

"ಈ ದರ ಗೌಡ್ರದಾ, ಕೊಪ್ಪರಿಗೆಯದಾ?" ಇದೊಂದು ಪ್ರಶ್ನೆಗೆ ಟೇಬಲ್ ತಾನಾಗಿ ಒಡೆಯುತ್ತದೆ. ದರ, ಗೋದಾಮು, ಫೋನ್ ಐಟಂ ಕಡೆಗೆ. ಗಿರಾಕಿ, ತಾರೀಖು ಆರ್ಡರ್ ಕಡೆಗೆ. ಎಷ್ಟು ಅನ್ನುವುದಕ್ಕೆ ಮಾತ್ರ ಎರಡೂ ಬೇಕು. ಕೀಯ ಒಂದು ತುಂಡಿನ ಮೇಲೆ ಮಾತ್ರ ನಿಂತಿದ್ದನ್ನು ಹೊರಗೆ ಹಾಕಿದ್ದಾಯಿತು, ಇದೇ ಎರಡನೇ ನಾರ್ಮಲ್ ಫಾರ್ಮ್.

ಇಲ್ಲಿ ಪ್ರತಿ ಬ್ಯಾಚಿನಲ್ಲೂ ಒಬ್ಬ ಜಾಣ ಏಳುತ್ತಾನೆ. "ಸಾರ್, ಒಡೆಯೋದ್ಯಾಕೆ? ಸೀರಿಯಲ್ ನಂಬರ್ ಕಾಲಂ ಹಾಕಿ ಅದನ್ನೇ ಕೀ ಮಾಡಿದರೆ ಕೀಗೆ ತುಂಡೇ ಇರಲ್ಲ." ಬೈಯಬೇಡಿ, ಹಾಳೆಗೆ ಸೀರಿಯಲ್ ನಂಬರ್ ಹಾಕಿಸಿ ಮತ್ತೆ ಕುರ್ಚಿ ದರ ತಿದ್ದಲು ಹೇಳಿ. ಅಷ್ಟೇ ಸಾಲು ತಿದ್ದಬೇಕು, ಏನೂ ಬದಲಾಗಿಲ್ಲ. ಆರ್ಡರ್ ಮತ್ತು ಐಟಂ ಜೋಡಿ ಈಗಲೂ ಕ್ಯಾಂಡಿಡೇಟ್ ಕೀ ಆಗಿಯೇ ಇದೆ. ಎರಡನೇ ನಾರ್ಮಲ್ ಫಾರ್ಮ್ ಎಲ್ಲಾ ಕ್ಯಾಂಡಿಡೇಟ್ ಕೀಗಳನ್ನೂ ನೋಡುತ್ತದೆ, ನಾವು ಪ್ರೈಮರಿ ಅಂತ ಆರಿಸಿಕೊಂಡಿದ್ದನ್ನು ಮಾತ್ರ ಅಲ್ಲ. ಕೆಲಸದಲ್ಲಿರುವವರೂ ಇಲ್ಲಿ ಎಡವುತ್ತಾರೆ.

ಮೂರು ಟೇಬಲ್ ಆದ ಕೂಡಲೇ ಹುಡುಗರು ಪುಸ್ತಕ ಮುಚ್ಚುತ್ತಾರೆ. ಆಗಲೇ ಅವೇ ಎರಡು ಏಟು ಮತ್ತೆ ಕೊಡಬೇಕು. ಐಟಂ ಟೇಬಲ್‌ನಲ್ಲಿ ಕುರ್ಚಿ, ಜಮಖಾನ, ಶಾಮಿಯಾನ ಎಲ್ಲದರ ಮುಂದೆಯೂ ಶ್ರೀನಗರದ ಫೋನ್ ಕೂತಿದೆ. ಹದಿನೈದು ಇದ್ದದ್ದು ಮೂರಾಗಿದೆ ಅಷ್ಟೆ, ರೋಗ ಹೋಗಿಲ್ಲ. ಕೊಪ್ಪರಿಗೆ ಗುಜರಿಗೆ ಹಾಕಿದರೆ ಕತ್ರಿಗುಪ್ಪೆಯ ಫೋನೂ ಗುಜರಿಗೆ. ಆದರೆ ಇಲ್ಲಿ ಕೀ ಒಂದೇ ಕಾಲಂ, ತುಂಡಿನ ಮಾತೇ ಇಲ್ಲ. ಹಾಗಾದರೆ ಎಲ್ಲಿ ಕೆಟ್ಟಿತು? ಫೋನ್ ಐಟಂನದ್ದಲ್ಲ, ಗೋದಾಮಿನದ್ದು. ಐಟಂನಿಂದ ಗೋದಾಮು, ಗೋದಾಮಿನಿಂದ ಫೋನ್, ಎರಡು ಮೆಟ್ಟಿಲು. ಗೋದಾಮನ್ನು ಬೇರೆ ಮಾಡಿದರೆ ಮೂರನೇ ನಾರ್ಮಲ್ ಫಾರ್ಮ್. ಟ್ರಾನ್ಸಿಟಿವ್ ಅನ್ನುವ ಪದ ಆಗ ಯಾರಿಗೂ ಭಾರ ಅನ್ನಿಸಲಿಲ್ಲ.

ಲ್ಯಾಬಿನಲ್ಲಿ ಹಳೇ ಟೇಬಲ್ ಮೇಲೆ ಇದನ್ನು ಓಡಿಸಿ, ಒಂದೇ ಗೋದಾಮಿಗೆ ಎರಡು ಫೋನ್ ಇದ್ದರೆ ಹೊರಗೆ ಬರುತ್ತದೆ:

```sql
SELECT godown, COUNT(DISTINCT godown_phone)
FROM booking
GROUP BY godown
HAVING COUNT(DISTINCT godown_phone) > 1;
```

ಏನೂ ಬರದಿದ್ದರೆ ಡಿಪೆಂಡೆನ್ಸಿ ಸಾಬೀತಾಯಿತು ಅಂತಲ್ಲ. ಇವತ್ತಿನ ಸಾಲುಗಳಲ್ಲಿ ಅದು ಮುರಿದಿಲ್ಲ ಅಂತಷ್ಟೆ. ನಿಯಮ ಏನು ಅನ್ನುವುದನ್ನು ಅಂಗಡಿಯವರನ್ನೇ ಕೇಳಬೇಕು.

ನಾನು ಕೇಳದೆ ಕೆಟ್ಟಿದ್ದು ದರದ ವಿಷಯದಲ್ಲಿ. ಈ ಪದ್ಧತಿ ಹಿಡಿದ ಮೊದಲ ಎರಡು ವರ್ಷ ದರವನ್ನು ಐಟಂ ಟೇಬಲ್‌ಗೆ ಮಾತ್ರ ಹಾಕಿ ಹೆಮ್ಮೆಯಿಂದ ಮುಗಿಸುತ್ತಿದ್ದೆ. ಒಮ್ಮೆ ಆ ಹಾಳೆಯನ್ನೇ ಅಂಗಡಿಯವರಿಗೆ ತೋರಿಸಿದೆ. "ಮೇಷ್ಟ್ರೇ, ಮುಂದಿನ ತಿಂಗಳಿಂದ ಕುರ್ಚಿ 10 ಮಾಡ್ತೀನಿ. ರಮೇಶಂದು ಬಾಕಿ ಇದೆಯಲ್ಲ, ಅವನಿಗೆ 1600 ಹೇಳಿದ್ದೆ, ನಿಮ್ಮ ಲೆಕ್ಕದಲ್ಲಿ 2000 ಆಗಲ್ವಾ?" ಬಾಯಿ ಕಟ್ಟಿತು. ಇವತ್ತಿನ ದರ ಐಟಂನದ್ದು ನಿಜ. ಆದರೆ ಆ ಆರ್ಡರಿಗೆ ಒಪ್ಪಿದ ದರ ಆರ್ಡರ್ ಮತ್ತು ಐಟಂ ಎರಡಕ್ಕೂ ಸೇರಿದ್ದು, ಖಾಯಂ ಗಿರಾಕಿಗೆ ಅವರು 7ಕ್ಕೂ ಕೊಡುತ್ತಾರೆ. ನೋಡಲು ಒಂದೇ ಅಂಕಿ, ಇರುವುದು ಎರಡು ಸಂಗತಿ. ಗುರುತಿಸಲು ಸುಲಭ ಉಪಾಯ: ಒಂದೇ ಐಟಂಗೆ ಎರಡು ಆರ್ಡರಿನಲ್ಲಿ ಬೇರೆ ದರ ಇದ್ದರೆ, ಅದು ತಪ್ಪಾ ಅಥವಾ ಎರಡೂ ಸರಿಯಾ? ಒಂದೇ ಗೋದಾಮಿಗೆ ಎರಡು ಫೋನ್ ಇದ್ದರೆ ತಪ್ಪು, ಬಿಲ್ಲಿನಲ್ಲಿ ಎರಡು ದರ ಇದ್ದರೆ ಎರಡೂ ಸರಿ. ಈಗ ಕೊನೆಗೆ ನಿಲ್ಲುವುದು ಇದು:

```
godown(godown, phone)
item(item, rate, godown)
orders(order_no, customer, event_date)
order_item(order_no, item, qty, agreed_rate)
```

ಗಿರಾಕಿಯ ಫೋನ್ ಕಾಲಂ ಮೂಲ ಹಾಳೆಯಲ್ಲಿತ್ತು, ಅದನ್ನು ಮನೆಗೆಲಸಕ್ಕೆ ಬಿಡುತ್ತೇನೆ. ಅದರಲ್ಲಿ ಇಬ್ಬರು ರಮೇಶ ಇದ್ದಾರೆ ಅಂತ ಮೊದಲೇ ಹೇಳುವುದಿಲ್ಲ. ನಾಲ್ಕನೇ ದಿನ ಆ ಹಾಳೆ ವಾಪಸ್ ಬಂದಾಗ ಕೇಳುವ ಪ್ರಶ್ನೆ ಒಂದಿದೆ, ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯಲಾರೆ.

ಹೋದ ವರ್ಷದ 28 ಜನರಲ್ಲಿ ಪರೀಕ್ಷೆಯ ನಾರ್ಮಲೈಸೇಷನ್ ಪ್ರಶ್ನೆಗೆ ಪೂರ್ತಿ ಉತ್ತರ ಬರೆದುಬಂದೆವು ಅಂದವರು 23 ಜನ. ಸಿಲೆಬಸ್ ಗೆಳೆಯರು ಈಗ ನನ್ನ ಹಾಳೆಯ ಜೆರಾಕ್ಸ್ ಕೇಳಿ ಒಯ್ದಿದ್ದಾರೆ. ಅಂಗಡಿಯವರು ಇಬ್ಬರು ಹುಡುಗರನ್ನು ಕರೆಸಿ, ಮೂರು ಸಾವಿರ ಕೊಟ್ಟು, ಇದನ್ನೇ ಕಂಪ್ಯೂಟರಿಗೆ ಹಾಕಿಸಿಕೊಂಡರು. ಎರಡು ತಿಂಗಳು ಸರಿಯಾಗಿತ್ತು. ಕಾರ್ತಿಕದ ಮದುವೆಗಳು ಶುರುವಾಗಿ ಶ್ರೀನಗರದಲ್ಲಿ ಜಾಗ ಸಾಲದೆ 300 ಕುರ್ಚಿ ಕತ್ರಿಗುಪ್ಪೆಗೆ ಸಾಗಿಸಿದರು. ಒಂದು ಐಟಂಗೆ ಒಂದೇ ಗೋದಾಮು ಅಂತ ನಾವು ನಂಬಿದ್ದು ಅವತ್ತೇ ಮುರಿಯಿತು. ಹುಡುಗರು ಫೋನ್ ಮಾಡಿ, "ಸಾರ್, ಕುರ್ಚಿಗೆ ಎರಡು ಸಾಲು ಹಾಕಿಬಿಡೋಣ್ವಾ?" ಅಂದರು. ಹಾಕಿದರೆ ದರ ಎಷ್ಟು ಸಲ ಬರುತ್ತೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಐಟಂ, ಗೋದಾಮು, ಎಷ್ಟಿದೆ ಅಂತ ಇನ್ನೊಂದು ಟೇಬಲ್ ಮಾಡ್ತೀವಿ ಸಾರ್" ಅಂದು ಫೋನ್ ಇಟ್ಟರು.