ಓನರ್ ದುಬೈಯಲ್ಲಿ, ನಾವು ಮೈಸೂರಲ್ಲಿ, ಬೀಗದ ಕೀ ಕಾಸರಗೋಡಲ್ಲಿ

ಕಾಸರಗೋಡಿನ ವಿದ್ಯಾನಗರದಲ್ಲಿ ಬಾಡಿಗೆ ಮನೆ ಫಿಕ್ಸ್ ಆಯ್ತು, ಆದ್ರೆ ಕೀ ಬಗ್ಗೆ ಕೇಳಿದ್ರೆ ಓನರ್ "ನೀವು ಬನ್ನಿ, ಯಾರಾದ್ರೂ ಕೊಡ್ತಾರೆ" ಅಂತಷ್ಟೇ ಹೇಳ್ತಿದ್ರು. ಸಾಮಾನಿನ ಗಾಡಿ, ಅಮ್ಮ, ಜೊತೆಗೆ ಮಳೆ ಬೇರೆ, ಯಾರಾದ್ರೂ ಅಂದ್ರೆ ಯಾರು?

ಬರೀ ಫೋನಲ್ಲಿ ಮಾತಾಡಿ ಮುಗಿಸದೆ ಹೀಗೆ ಮೆಸೇಜ್ ಹಾಕಿದೆ: "ಅಣ್ಣಾ, ಶನಿವಾರ ಬೆಳಿಗ್ಗೆ 11 ಗಂಟೆಗೆ (ನಿಮ್ಗೆ 9.30) ಮನೆ ಗೇಟಿನ ಹತ್ರ ಇರ್ತೇವೆ. ನಿಮ್ಗೆ ನಂಬಿಕೆ ಇರುವ ಒಬ್ರ ಹೆಸರು, ನಂಬರ್ ಕೊಡಿ, ನನ್ನ ಫೋಟೋ ಅವ್ರಿಗೆ ಕಳ್ಸಿ, ಲೇಟಾದ್ರೆ ನಾನೇ ಅವ್ರಿಗೆ ಫೋನ್ ಮಾಡ್ತೇನೆ. ಅಡ್ವಾನ್ಸ್ ಬಾಕಿ ಕೀ ಸಿಕ್ಕಿದ ಕೂಡ್ಲೇ ನಿಮ್ಮ ಅಕೌಂಟಿಗೇ ಹಾಕ್ತೇನೆ."

ಕೊನೇ ಸಾಲು ತುಂಬಾ ಮುಖ್ಯ, ಯಾಕಂದ್ರೆ ಕೀ ಕೊಡುವವ್ರ ಕೈಗೆ ದುಡ್ಡು ಹೋದ್ರೆ ಆಮೇಲೆ ಲೆಕ್ಕದಲ್ಲಿ ಇಬ್ರಿಗೂ ಮನಸ್ತಾಪ. ಓನರ್ ಅವ್ರ ಚಿಕ್ಕಮ್ಮನ ನಂಬರ್ ಕೊಟ್ರು, ಅಲ್ಲೇ ಎರಡು ಮನೆ ಆಚೆ. ಮೂರೂ ಜನ್ರ ಒಂದು ವಾಟ್ಸಾಪ್ ಗ್ರೂಪ್ ಮಾಡಿದೆ, ಹಿಂದಿನ ರಾತ್ರಿ ಚಿಕ್ಕಮ್ಮನಿಗೆ ಫೋನ್ ಮಾಡಿ ಟೈಮ್ ಇನ್ನೊಮ್ಮೆ ಹೇಳಿದೆ.

ಅವ್ರು ಸರಿಯಾಗಿ ಬಂದಿದ್ರು, ಫೋಟೋ ನೋಡಿ ಮುಖ ನೋಡಿ ಕೀ ಗೊಂಚಲು ಕೊಟ್ರು. ಅವ್ರು ಇರುವಾಗ್ಲೇ ಗೇಟ್, ಎದುರು ಬಾಗಿಲು, ಹಿಂದಿನ ಗ್ರಿಲ್ ಎಲ್ಲಾ ತೆಗೆದು ನೋಡಿದೆ. ಗ್ರಿಲ್ಲಿಂದು ತುಕ್ಕು ಹಿಡ್ದು ತಿರುಗ್ಲೇ ಇಲ್ಲ, ಚಿಕ್ಕಮ್ಮ ತೆಂಗಿನೆಣ್ಣೆ ತಂದು ಬಿಟ್ಟ ಮೇಲೆ ತೆರೆಯಿತು. ಕೀಗಳದ್ದು, ಕರೆಂಟ್ ಮೀಟರ್ ರೀಡಿಂಗಿಂದು ಫೋಟೋ ಗ್ರೂಪಿಗೆ ಹಾಕಿ, ದುಡ್ಡು ಕಳ್ಸಿದೆ, "ಬಂತು" ಅಂತ ಓನರ್ ಅಲ್ಲೇ ಬರೆದ್ರು.