ಶೂಟಿಂಗ್ ಮುಂದೆ ಹೋಯ್ತಾ? ನಾಯಕ ನಟರಿಗೆ ಹೀಗೆ ಇಮೇಲ್ ಬರೆಯಿರಿ

ಸಕಲೇಶಪುರದ ಕಾಫಿ ತೋಟದಲ್ಲಿ ಜೂನ್ 2ರಿಂದ 11ರವರೆಗೆ ಔಟ್‌ಡೋರ್ ಶೂಟಿಂಗ್ ಇದೆ ಎಂದುಕೊಳ್ಳಿ. ಮಳೆ ಬೇಗ ಹಿಡಿದು ತೋಟದ ರಸ್ತೆ ಕುಸಿದಿದೆ. ಜನರೇಟರ್ ಲಾರಿ ಒಳಗೆ ಹೋಗುವುದಿಲ್ಲ. ಈ 10 ದಿನಕ್ಕಾಗಿ ನಾಯಕ ನಟರು ಬೇರೆ ಚಿತ್ರಕ್ಕೆ ಡೇಟ್ಸ್ ಕೊಟ್ಟಿಲ್ಲ, ಗಡ್ಡವನ್ನೂ ಬಿಟ್ಟಿದ್ದಾರೆ. ನಿರ್ಮಾಪಕರು ಕ್ಷಮೆ ಕೇಳಬೇಕಾದದ್ದು ಈ ಎರಡಕ್ಕೆ.

ಮೊದಲು ಫೋನ್ ಮಾಡಿ. ಸುದ್ದಿ ನಿಮ್ಮ ಬಾಯಿಂದಲೇ ತಿಳಿಯಲಿ, ಮೇಕಪ್‌ನವರಿಂದ ಅಲ್ಲ. ಅದೇ ದಿನ ಇಮೇಲ್ ಕಳಿಸಿ. ಅವರ ಡೇಟ್ಸ್ ನೋಡುವ ಮ್ಯಾನೇಜರ್‌ಗೂ ಒಂದು ಪ್ರತಿ ಇರಲಿ.

ಬರೆಯುವ ಮುಂಚೆ ನಿರ್ದೇಶಕರ ಜೊತೆ ಕೂತು ಒಂದು ಲೆಕ್ಕ ಹಾಕಿ. 10 ದಿನವೂ ಹಾಳಾಗಲೇಬೇಕಾ? ಮನೆಯೊಳಗಿನ ಸೀನ್‌ಗಳನ್ನು ಬೆಂಗಳೂರಿನ ಸೆಟ್‌ಗೆ ತಂದರೆ 4 ದಿನ ಉಳಿಯುತ್ತದೆ. ಹೊಸದಾಗಿ ಕೇಳಬೇಕಾದದ್ದು 6 ದಿನ ಮಾತ್ರ. ಉದ್ದದ ಕ್ಷಮೆಗಿಂತ ಇದು ನಟರಿಗೆ ಜಾಸ್ತಿ ಮುಖ್ಯ.

ಹೊಸ ದಿನ ಹುಡುಕುವಾಗ ಕಾಂಬಿನೇಷನ್ ಸೀನ್‌ಗಳಲ್ಲಿರುವ ಉಳಿದ ಕಲಾವಿದರನ್ನೂ ತೋಟದ ಮಾಲೀಕರನ್ನೂ ಮೊದಲೇ ಕೇಳಿಕೊಳ್ಳಿ. ಕಾಫಿ ಕೊಯ್ಲು ಜೋರಾದರೆ ಒಣಗಿಸುವ ಕಣದಲ್ಲಿ ಕ್ಯಾಮೆರಾ ಇಡಲು ಜಾಗ ಸಿಗುವುದಿಲ್ಲ. ಇವರೆಲ್ಲ ಒಪ್ಪಿದ ದಿನಗಳನ್ನಷ್ಟೇ ನಟರ ಮುಂದಿಡಿ. ಇಲ್ಲದಿದ್ದರೆ ಮತ್ತೊಮ್ಮೆ ಕ್ಷಮೆ ಕೇಳಬೇಕಾಗುತ್ತದೆ.

ವಿಷಯದ ಸಾಲಿನಲ್ಲಿ ಚಿತ್ರದ ಹೆಸರು, ‘ಜೂನ್ ಶೆಡ್ಯೂಲ್ ಬದಲಾವಣೆ’ ಅಂತ ಹಾಕಿ. ಆಮೇಲೆ ಹೀಗೆ ಬರೆಯಬಹುದು:

“ನಮಸ್ಕಾರ ಸರ್,

ಬೆಳಿಗ್ಗೆ ಫೋನಿನಲ್ಲಿ ಹೇಳಿದಂತೆ, ತೋಟದ ರಸ್ತೆ ಕುಸಿದಿರುವುದರಿಂದ ಸಕಲೇಶಪುರದ ಶೂಟಿಂಗ್ ಮುಂದೂಡಬೇಕಾಗಿದೆ. ನಮಗಾಗಿ ನೀವು ಈ ದಿನಗಳನ್ನು ಬೇರೆಯವರಿಗೆ ಕೊಡದೆ ಇಟ್ಟಿದ್ದಿರಿ. ನಿಮಗಾದ ತೊಂದರೆಗೆ ಕ್ಷಮೆ ಇರಲಿ.

ಜೂನ್ 2ರಿಂದ 5ರವರೆಗೆ ಒಳಾಂಗಣದ ಸೀನ್‌ಗಳನ್ನು ಬೆಂಗಳೂರಿನಲ್ಲೇ ಮುಗಿಸೋಣ. 6ರಿಂದ 11 ನಿಮಗೆ ಬಿಡುವು. ಆ ದಿನಗಳನ್ನು ಬೇರೆ ಕೆಲಸಕ್ಕೆ ಕೊಡಬಹುದು.

ಔಟ್‌ಡೋರ್‌ಗೆ ಎರಡು ಅವಕಾಶಗಳಿವೆ: ಅಕ್ಟೋಬರ್ 26ರಿಂದ 31, ಇಲ್ಲವೇ ನವೆಂಬರ್ 9ರಿಂದ 14. ಉಳಿದ ಕಲಾವಿದರು ಎರಡಕ್ಕೂ ಒಪ್ಪಿದ್ದಾರೆ.

ಜೂನ್ 5ರ ನಂತರ ಗಡ್ಡ ತೆಗೆಯಬಹುದು. ಆದರೆ ಕಂಟಿನ್ಯುಟಿಗಾಗಿ ಆಗಸ್ಟ್‌ನಿಂದ ಮತ್ತೆ ಬಿಡಬೇಕಾಗುತ್ತದೆ. ಇದು ಸಾಧ್ಯವೇ ತಿಳಿಸಿ. ಗೆಟಪ್ ಫೋಟೋ ಜೊತೆಗಿದೆ.

ಒಪ್ಪಂದದ ಸಂಭಾವನೆ ಬದಲಾಗುವುದಿಲ್ಲ. ರದ್ದಾದ ಟಿಕೆಟ್‌ಗಳ ಖರ್ಚು ನಮ್ಮದು. ಶುಕ್ರವಾರ ಸಂಜೆಯವರೆಗೆ ಎರಡೂ ಡೇಟ್ಸ್ ಹಿಡಿದಿಟ್ಟಿರುತ್ತೇವೆ.”

ಕಾರಣ ಒಂದೇ ವಾಕ್ಯದಲ್ಲಿ ಮುಗಿದಿದೆ, ನೋಡಿ. ನಿಮಗಾದ ನಷ್ಟದ ಮಾತು ಇಲ್ಲಿ ಬೇಡ. ಅದು ಬಂದರೆ ಕ್ಷಮೆ ದೂರಿನಂತೆ ಕೇಳಿಸುತ್ತದೆ. ‘ಅಕ್ಟೋಬರ್ ಕೊನೆಗೆ ನೋಡೋಣ’ ಎಂಬ ಮಾತೂ ಬೇಡ. ಅದನ್ನು ನಂಬಿ ಮ್ಯಾನೇಜರ್ ಯಾವ ದಿನವನ್ನೂ ಕಾದಿರಿಸಲು ಆಗುವುದಿಲ್ಲ.

ಎರಡು ದಿನದಲ್ಲಿ ಉತ್ತರ ಬರದಿದ್ದರೆ ಮ್ಯಾನೇಜರ್‌ಗೆ ಫೋನ್ ಮಾಡಿ. ನಟರು ಒಂದನ್ನು ಆರಿಸಿದ ಕೂಡಲೇ ಅದೇ ಇಮೇಲ್‌ಗೆ ಉತ್ತರವಾಗಿ ಹೊಸ ಕಾಲ್‌ಶೀಟ್ ಕಳಿಸಿ. ಇನ್ನೊಂದು ಡೇಟ್ಸ್ ಬಿಟ್ಟುಕೊಟ್ಟಿದ್ದೇವೆ ಎಂದೂ ಬರೆಯಿರಿ.